ಮಾತ್ರೆ ಪ್ಯಾಕಿಂಗ್ ಲೈನಿಗೆ ಎಫ್‌ಎಂಇಎ: ಲೀಕ್ ಆಗುವ ಸ್ಟ್ರಿಪ್‌ಗೆ ಸರಿಯಾಗಿ ಅಂಕ ಹಾಕುವುದು ಹೇಗೆ

ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಮಾತ್ರೆ ಪ್ಯಾಕ್ ಮಾಡುವ ಒಂದು ಲೈನನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆಯಿಂದ ಪಿವಿಸಿ ಹಾಳೆ ಬಿಸಿಯಾಗಿ ಗುಳಿ ಬೀಳುತ್ತದೆ. ಗುಳಿಗೆ ಮಾತ್ರೆ ಬೀಳುತ್ತದೆ, ಮೇಲಿನಿಂದ ಅಲ್ಯೂಮಿನಿಯಂ ಫಾಯಿಲ್ ಬಂದು ಬಿಸಿ ಪ್ಲೇಟಿನ ಕೆಳಗೆ ಅಂಟಿಕೊಳ್ಳುತ್ತದೆ, ಆಮೇಲೆ ಕಟಿಂಗ್ ಡೈ ಸ್ಟ್ರಿಪ್ ಕತ್ತರಿಸುತ್ತದೆ. ಕಸುಬಿನವರ ಲೆಕ್ಕದಲ್ಲಿ ಇದು ಬ್ಲಿಸ್ಟರ್. ಸ್ಟ್ರಿಪ್ ಅಂದರೆ ಎರಡೂ ಕಡೆ ಫಾಯಿಲ್ ಇರುವ ಬೇರೆ ಪ್ಯಾಕು. ಆದರೆ ಮೆಡಿಕಲ್ ಅಂಗಡಿಯಿಂದ ಹಿಡಿದು ಮಷಿನ್ ಪಕ್ಕ ನಿಂತವರವರೆಗೆ ಎಲ್ಲರೂ ಸ್ಟ್ರಿಪ್ ಎಂದೇ ಹೇಳುವುದರಿಂದ ಇಲ್ಲೂ ಹಾಗೇ ಇರಲಿ.

ಈ ಲೈನಿಗೆ ಎಫ್‌ಎಂಇಎ, ಅಂದರೆ ಎಲ್ಲಿ ಏನು ಕೆಡಬಹುದು ಎಂದು ಮುಂಚೆಯೇ ಪಟ್ಟಿ ಮಾಡಿ ಅಂಕ ಹಾಕುವ ಕೆಲಸ, ಮಾಡಬೇಕು ಎಂದಾಗ ಹೆಚ್ಚಿನವರು ಹಳೆಯ ಎಕ್ಸೆಲ್ ಹಾಳೆ ತೆಗೆದು ಎಂಬತ್ತು ಸಾಲು ತುಂಬಿಸಿ ಸಹಿ ಹಾಕಿಸಿಬಿಡುತ್ತಾರೆ. ಇಲ್ಲಿ ಎಂಬತ್ತು ಸಾಲು ಬೇಡ. ಒಂದೇ ತೊಂದರೆ, ಸೀಲ್ ಸರಿಯಾಗಿ ಕೂರದೆ ಸ್ಟ್ರಿಪ್ ಲೀಕ್ ಆಗುವುದು, ಅದನ್ನು ಹಿಡಿದು ಕೊನೆವರೆಗೆ ಹೋಗೋಣ. ಆ ಒಂದು ಸಾಲನ್ನು ಸರಿಯಾಗಿ ಬರೆಯಲು ಬಂದರೆ ಉಳಿದವು ಬರುತ್ತವೆ.

ಮೂರು ಅಂಕ, ಒಂದು ಗುಣಾಕಾರ

ವಿಧಾನ ಹೊಸದಲ್ಲ. 1949ರಲ್ಲಿ ಅಮೆರಿಕದ ಸೇನೆ ಇದಕ್ಕೊಂದು ಕ್ರಮ ಬರೆದಿತ್ತು. ಔಷಧ ಉದ್ಯಮಕ್ಕೆ ಐಸಿಎಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕ್ಯೂ9 ಮಾರ್ಗಸೂಚಿ 2005ರಲ್ಲಿ ಇದನ್ನು ತಂದಿತು. 2023ರಲ್ಲಿ ಅದರ ಪರಿಷ್ಕೃತ ರೂಪ ಬಂತು. ನಮ್ಮಲ್ಲಿ ಔಷಧ ತಯಾರಿಕೆಯ ನಿಯಮಗಳಾದ ಪರಿಷ್ಕೃತ ಶೆಡ್ಯೂಲ್ ಎಂ ಕೂಡ ಗುಣಮಟ್ಟದ ಅಪಾಯ ನಿರ್ವಹಣೆಯನ್ನು ಕೇಳುತ್ತದೆ. ಅಪಾಯದ ಒಟ್ಟು ಅಂಕವಾದ ಆರ್‌ಪಿಎನ್ ಲೆಕ್ಕ ಇಷ್ಟೇ:

```
RPN = S × O × D
```

`S` ಎಂದರೆ ತೀವ್ರತೆ: ಆ ತಪ್ಪು ರೋಗಿಯ ಕೈ ಸೇರಿದರೆ ಆಗುವ ಹಾನಿ. `O` ಎಂದರೆ ಸಂಭವ: ಆ ಕಾರಣ ಎಷ್ಟು ಸಲ ಹುಟ್ಟುತ್ತದೆ. `D` ಎಂದರೆ ಪತ್ತೆ: ತಪ್ಪು ಲೈನ್ ಬಿಡುವ ಮುಂಚೆ ಸಿಗುತ್ತದೋ ಇಲ್ಲವೋ. ಮೂರಕ್ಕೂ 1ರಿಂದ 10. ಪತ್ತೆಯ ಅಂಕ ಉಲ್ಟಾ ಎಂಬುದನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ. ಮಷಿನ್ ತಾನೇ ಹಿಡಿದು ನಿಲ್ಲುತ್ತದೆ ಎಂದರೆ 1, ನೋಡುವವರೇ ಇಲ್ಲ ಎಂದರೆ 10. "ನಮ್ಮ ಚೆಕಿಂಗ್ ತುಂಬಾ ಚೆನ್ನಾಗಿದೆ, 9 ಹಾಕಿ" ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ಸಂಭವದ ಅಂಕಕ್ಕೆ ಕ್ಯಾಲೆಂಡರ್ ಅಳತೆ ಇಟ್ಟುಕೊಂಡರೆ ಜಗಳ ಕಡಿಮೆ. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಅಪರೂಪ ಎಂದರೆ 2, ಆರು ತಿಂಗಳಿಗೊಮ್ಮೆ 3, ಮೂರು ತಿಂಗಳಿಗೊಮ್ಮೆ 4, ಎರಡು ತಿಂಗಳಿಗೊಮ್ಮೆ 5, ತಿಂಗಳಿಗೊಮ್ಮೆ 6, ವಾರಕ್ಕೊಮ್ಮೆ 8. ನಿಮ್ಮ ಕಾರ್ಖಾನೆಯ ಅಳತೆ ಬೇರೆ ಇರಬಹುದು. ಅಂಕ ಹಾಕಲು ಕೂರುವ ಮುಂಚೆ ಅದು ಬರಹದಲ್ಲಿರಬೇಕು ಎಂಬುದಷ್ಟೇ ಮುಖ್ಯ. ಉತ್ತರ ನೋಡಿಕೊಂಡು ಅಳತೆ ಬರೆಯಬಾರದು.

ಮೇಜಿನ ಸುತ್ತ ಯಾರು ಕೂರಬೇಕು

ಆಪರೇಟರ್, ಮೇಂಟೆನೆನ್ಸ್ ಫಿಟ್ಟರ್, ಲೈನಿನಲ್ಲೇ ಗುಣಮಟ್ಟ ನೋಡುವ ಐಪಿಕ್ಯೂಎಯವರು, ಪ್ರೊಡಕ್ಷನ್ ಆಫೀಸರ್, ಜೊತೆಗೆ ಮಾತು ಮುಂದುವರಿಸಿಕೊಂಡು ಹೋಗುವ ಒಬ್ಬರು. ಐದು ಜನ ಸಾಕು. ಆಪರೇಟರ್ ಇಲ್ಲದೆ ಕೂತರೆ ಕೂತದ್ದೇ ದಂಡ.

ಹೊಸೂರಿನಲ್ಲಿ ಒಂದೇ ಶಿಫ್ಟಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡಾಡುತ್ತವೆ. ಕೆಲಸದ ಕ್ರಮ ಬರೆದಿಟ್ಟ ಎಸ್‌ಒಪಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ಸಭೆಯೂ ಇಂಗ್ಲಿಷಿನಲ್ಲೇ ನಡೆದರೆ ಫಿಟ್ಟರ್ ಬಾಯಿ ಬಿಡುವುದಿಲ್ಲ. ಕೇಳುವ ಪ್ರಶ್ನೆಯೂ ಬದಲಾಗಬೇಕು. "ಸೀಲಿಂಗ್ ಎಷ್ಟು ಸಲ ಫೇಲ್ ಆಗುತ್ತೆ?" ಎಂದು ಕೇಳಿದರೆ "ಆಗಲ್ಲ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. "ಅಣ್ಣಾ, ನಿನ್ನೆ ನೈಟ್ ಶಿಫ್ಟಲ್ಲಿ ಮಷಿನ್ ಎಷ್ಟು ಸಲ ನಿಂತಿತು? ಮತ್ತೆ ಸ್ಟಾರ್ಟ್ ಮಾಡೋ ಮುಂಚೆ ಏನೇನು ನೋಡಿದ್ರಿ?" ಎಂದು ಕೇಳಿ. "ನಾಲ್ಕೈದು ಸಲ ನಿಂತಿತು ಸಾರ್. ಟೆಂಪರೇಚರ್ ನೋಡಿದೆ, ಹಾಕಿದೆ" ಎಂಬ ಉತ್ತರದಲ್ಲೇ ನಿಮಗೆ ಬೇಕಾದದ್ದರ ಅರ್ಧ ಸಿಕ್ಕಿಬಿಡುತ್ತದೆ.

ಮೊದಲ ತಪ್ಪು: ಎಲ್ಲವನ್ನೂ ಒಂದೇ ಸಾಲಿಗೆ ತುರುಕುವುದು

ನಮ್ಮ ಉದಾಹರಣೆಯ ಮಾತ್ರೆ ತೇವ ಹೀರುವ ಜಾತಿಯದು. ಸ್ಟ್ರಿಪ್ ಲೀಕ್ ಆದರೆ ಒಳಗಿನ ಔಷಧ ಅವಧಿಗೆ ಮುಂಚೆಯೇ ಕೆಡುತ್ತದೆ. ರೋಗಿಗೆ ತಕ್ಷಣದ ಅಪಾಯವಿಲ್ಲ, ಆದರೆ ಔಷಧ ಕೆಲಸ ಮಾಡದೆ ಹೋಗಬಹುದು. ತೀವ್ರತೆಗೆ 7 ಎಂದು ಇಟ್ಟುಕೊಳ್ಳೋಣ.

ಸಾಮಾನ್ಯವಾಗಿ ಬರೆಯುವುದು ಹೀಗೆ: ವೈಫಲ್ಯ, ಸೀಲ್ ಲೀಕ್. ಕಾರಣ, ತಾಪ ಅಥವಾ ಒತ್ತಡ ಸರಿ ಇಲ್ಲದಿರುವುದು. ಈಗಿರುವ ತಪಾಸಣೆ, ಎರಡು ಗಂಟೆಗೊಮ್ಮೆ ಲೀಕ್ ಟೆಸ್ಟ್. ಲೀಕ್ ಟೆಸ್ಟ್ ಫೇಲ್ ಆದದ್ದು ವರ್ಷಕ್ಕೆ ನಾಲ್ಕು ಸಲ, ಆದ್ದರಿಂದ ಸಂಭವ 4. ಟೆಸ್ಟ್ ಇದ್ದೇ ಇದೆಯಲ್ಲ, ಪತ್ತೆಯೂ 4. ಗುಣಿಸಿದರೆ 7 × 4 × 4 = 112. ಕಂಪನಿಯ ಗಡಿ 125 ಆಗಿದ್ದರೆ ಈ ಸಾಲು ಸಲೀಸಾಗಿ ದಾಟಿ ಹೋಗುತ್ತದೆ. ಅಂದಹಾಗೆ ಆ ಗಡಿಯನ್ನು ಕ್ಯೂ9 ಎಲ್ಲೂ ಹೇಳಿಲ್ಲ. ಐದನ್ನು ಐದರಿಂದ ಎರಡು ಸಲ ಗುಣಿಸಿದರೆ 125 ಬರುತ್ತದೆ, ಅದಕ್ಕಿರುವ ಆಧಾರ ಅಷ್ಟೇ.

ಲೀಕ್ ಒಂದೇ, ಆದರೆ ಅದಕ್ಕೆ ದಾರಿ ಹಲವು. ಈ ಲೈನಿನಲ್ಲಿ ಮುಖ್ಯವಾದವು ಮೂರು. ಒಂದು, ಸೀಲಿಂಗ್ ಪ್ಲೇಟಿನ ಮೇಲಿನ ಸಣ್ಣ ಚೌಕುಳಿ ಹಲ್ಲುಗಳು ಒಂದು ಜಾಗದಲ್ಲಿ ಸವೆದಿರುವುದು ಅಥವಾ ಅಂಟು ತುಂಬಿಕೊಂಡಿರುವುದು. ಎರಡು, ಫೀಡರಿನಲ್ಲಿ ಮಾತ್ರೆ ಉಜ್ಜಿ ಬಂದ ಪುಡಿ ಸೀಲ್ ಆಗುವ ಜಾಗಕ್ಕೆ ಬಿದ್ದಿರುವುದು. ಮೂರು, ಮಷಿನ್ ನಿಂತು ಮತ್ತೆ ಶುರುವಾದಾಗ ಪ್ಲೇಟಿನ ತಾಪ ಕಡಿಮೆ ಇರುವುದು. ಒಂದೊಂದು ಕಾರಣಕ್ಕೂ ಒಂದೊಂದು ಸಾಲು ಬೇಕು, ಏಕೆಂದರೆ ಅದೇ ಲೀಕ್ ಟೆಸ್ಟ್ ಈ ಮೂರನ್ನೂ ಒಂದೇ ಥರ ಹಿಡಿಯುವುದಿಲ್ಲ.

ಲೀಕ್ ಟೆಸ್ಟ್ ಏನು ಹಿಡಿಯುತ್ತದೆ, ಏನನ್ನು ಬಿಡುತ್ತದೆ

ಟೆಸ್ಟ್ ಸರಳ. ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರು, ಅದರಲ್ಲಿ ಸ್ಟ್ರಿಪ್‌ಗಳು, ತೇಲದಂತೆ ಮೇಲೊಂದು ಭಾರ. ಸುಮಾರು 300 ಮಿಮೀ ಪಾದರಸದಷ್ಟು ವ್ಯಾಕ್ಯೂಮ್ ಎಳೆದು, ಎಸ್‌ಒಪಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ನಿಮಿಷ, ಹಿಡಿದು ಬಿಡುತ್ತಾರೆ. ಬಣ್ಣ ಒಳಗೆ ಹೋಗುವುದು ವ್ಯಾಕ್ಯೂಮ್ ಎಳೆಯುವಾಗಲ್ಲ, ಬಿಡುವಾಗ. ಹಾಗಾಗಿ ಬಿಟ್ಟ ತಕ್ಷಣ ಸ್ಟ್ರಿಪ್ ಎತ್ತಿಬಿಟ್ಟರೆ ಸಣ್ಣ ತೂತು ಸಿಗದೇ ಹೋಗಬಹುದು. ಒರೆಸದೆ ಬಿಚ್ಚಿದರೆ ಹೊರಗಿನ ನೀಲಿ ಮಾತ್ರೆಗೆ ತಾಗಿ ಇಲ್ಲದ ಲೀಕ್ ಕಾಣಿಸುತ್ತದೆ.

ಹೊಸೂರಿಗೇ ಸೇರಿದ ಒಂದು ಎಚ್ಚರಿಕೆ ಇದೆ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕರಾವಳಿಯಲ್ಲಿ ಗಾಳಿಯ ಒತ್ತಡ 760 ಮಿಮೀ ಆದರೆ ಇಲ್ಲಿ ಸುಮಾರು 680. ಎಸ್‌ಒಪಿಯಲ್ಲಿ "300 ಮಿಮೀ ವ್ಯಾಕ್ಯೂಮ್" ಎಂದಿದ್ದರೆ ತೊಂದರೆಯಿಲ್ಲ, ಅದು ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂಬ ಲೆಕ್ಕ. ಆದರೆ ಕರಾವಳಿಯ ಕಾರ್ಖಾನೆಯ ಎಸ್‌ಒಪಿ ನಕಲು ಮಾಡಿ, ಡೆಸಿಕೇಟರಿನ ಒಳಗಿನ ಪೂರ್ಣ ಒತ್ತಡ 460 ಮಿಮೀಗೆ ಇಳಿಯಲಿ ಎಂದು ಬರೆದುಕೊಂಡಿದ್ದರೆ ಇಲ್ಲಿ ಸಿಗುವ ವ್ಯತ್ಯಾಸ 220 ಮಾತ್ರ. ಟೆಸ್ಟ್ ಮೆತ್ತಗಾಗಿರುತ್ತದೆ, ರಿಜಿಸ್ಟರಿನಲ್ಲಿ ಮಾತ್ರ ಪಾಸ್ ಪಾಸ್ ಎಂದಿರುತ್ತದೆ. ಪತ್ತೆಯ ಅಂಕ ಹಾಕುವ ಮುಂಚೆ ಗೇಜ್ ಯಾವ ಬಗೆಯದು ಎಂದು ಹೋಗಿ ನೋಡಿ ಬನ್ನಿ.

ಈಗ ಲೆಕ್ಕ. ನಮ್ಮ ಮಷಿನ್ ನಿಮಿಷಕ್ಕೆ 50 ಸ್ಟ್ರೋಕ್, ಸ್ಟ್ರೋಕಿಗೆ 4 ಸ್ಟ್ರಿಪ್, ಅಂದರೆ ನಿಮಿಷಕ್ಕೆ 200. ಎರಡು ಗಂಟೆಗೆ 24,000 ಸ್ಟ್ರಿಪ್. ಟೆಸ್ಟಿಗೆ ತೆಗೆಯುವುದು ಸಾಲಾಗಿ 5 ಸ್ಟ್ರೋಕ್, ಒಟ್ಟು 20 ಸ್ಟ್ರಿಪ್.

ಪ್ಲೇಟಿನ ಹಲ್ಲು ಸವೆದಿದ್ದರೆ ಪ್ರತಿ ಸ್ಟ್ರೋಕಿನಲ್ಲೂ ಅದೇ ಲೇನಿನ, ಅದೇ ಮೂಲೆಯ ಸ್ಟ್ರಿಪ್ ಕೆಟ್ಟಿರುತ್ತದೆ. 20ರಲ್ಲಿ 5 ಅದೇ ಲೇನಿನವು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಪತ್ತೆಗೆ 2 ಕೊಡಬಹುದು. ನೀಲಿಯಾದ ಗುಳಿ ಸತತವಾಗಿ ಒಂದೇ ಜಾಗದಲ್ಲಿ ಬಂದರೆ ಇದೇ ಕಾರಣ ಎಂದು ತಿಳಿಯಿರಿ.

ಪುಡಿಯ ಕಥೆ ಬೇರೆ. ಅದು ಎಲ್ಲಿ ಬೇಕಾದರೂ ಬೀಳುತ್ತದೆ. ನೂರಕ್ಕೆ ಒಂದು ಸ್ಟ್ರಿಪ್ ಲೀಕ್ ಇದ್ದರೆ 20ರ ಸ್ಯಾಂಪಲಿನಲ್ಲಿ ಒಂದಾದರೂ ಸಿಗುವ ಸಾಧ್ಯತೆ ನೂರಕ್ಕೆ 18 ಮಾತ್ರ: `1 − 0.99^20 = 0.18`. ಐದು ಟೆಸ್ಟಿನಲ್ಲಿ ನಾಲ್ಕು ಸುಮ್ಮನೆ ಪಾಸ್ ಆಗುತ್ತವೆ. ಇದರ ಮೇಲೆ ಪುಡಿಯೇ ಆ ಸಂದಿಗೆ ಬಿರಡೆಯಂತೆ ಕೂತು ಬಣ್ಣ ಒಳಗೆ ಹೋಗದಂತೆ ತಡೆಯುವುದೂ ಉಂಟು. ಪತ್ತೆಗೆ 7.

ಮೂರನೆಯದೇ ಕಳ್ಳ. ಮಷಿನ್ ನಿಂತು ಶುರುವಾದ ಮೇಲೆ ಮೊದಲ ಕೆಲವು ಸ್ಟ್ರೋಕಿನ ಸ್ಟ್ರಿಪ್‌ಗಳಷ್ಟೇ ಕೆಟ್ಟಿರುತ್ತವೆ, ನಲವತ್ತರಷ್ಟು ಎನ್ನಿ. ಆಮೇಲೆ ಎಲ್ಲ ಸರಿ. 24,000ದಲ್ಲಿ ಆ 40 ಒಂದೇ ಕಡೆ ಗುಂಪಾಗಿವೆ. ಐಪಿಕ್ಯೂಎಯವರು ಸರಿಯಾಗಿ ಆ ಹನ್ನೆರಡು ಸೆಕೆಂಡಿನಲ್ಲೇ ಬಂದು ಸ್ಯಾಂಪಲ್ ತೆಗೆದರೆ ಸಿಕ್ಕಿತು, ಇಲ್ಲವೆಂದರೆ ಇಲ್ಲ. ವಾಸ್ತವದಲ್ಲಿ ಅವರು ಮಷಿನ್ ಸರಾಗವಾಗಿ ಓಡುತ್ತಿರುವಾಗಲೇ ಬರುತ್ತಾರೆ. ಪತ್ತೆಗೆ 8ಕ್ಕಿಂತ ಕಡಿಮೆ ಕೊಟ್ಟರೆ ಅದು ಸುಳ್ಳು ಲೆಕ್ಕ.

ಸಂಭವವನ್ನು ಎಲ್ಲಿಂದ ತೆಗೆಯುವುದು

ಡೀವಿಯೇಷನ್ ರಿಜಿಸ್ಟರಿನಿಂದ ಮಾತ್ರ ಬೇಡ. ಅಲ್ಲಿರುವುದು ಸಿಕ್ಕಿಬಿದ್ದ ತಪ್ಪುಗಳು. ಪತ್ತೆ ಎಲ್ಲಿ ಕೆಟ್ಟದಾಗಿದೆಯೋ ಅಲ್ಲಿ ಸಂಭವವೂ ಕಡಿಮೆ ಕಾಣುತ್ತದೆ. ಎರಡು ಅಂಕವೂ ಒಟ್ಟಿಗೇ ಮೋಸ ಮಾಡುತ್ತವೆ.

ತಣ್ಣನೆಯ ಸ್ಟಾರ್ಟ್ ಎಷ್ಟು ಸಲ ಆಗಿದೆ ಎಂದು ತಿಳಿಯಲು ಮಷಿನ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯ ತಾಪದ ಟ್ರೆಂಡ್ ತೆಗೆಯಿರಿ, ಪಕ್ಕದಲ್ಲಿ ಬ್ರೇಕ್‌ಡೌನ್ ರಿಜಿಸ್ಟರ್ ಇಡಿ. ಸೀಲಿಂಗ್ ತಾಪ 160 ಡಿಗ್ರಿ, ಐದು ಡಿಗ್ರಿ ಆಚೀಚೆ ಎಂದು ನಿಗದಿಯಾಗಿದ್ದರೆ, ಮಷಿನ್ ಓಡುತ್ತಿದ್ದೂ 155ಕ್ಕಿಂತ ಕೆಳಗಿದ್ದ ಕ್ಷಣಗಳನ್ನು ಮೂರು ತಿಂಗಳ ಮಟ್ಟಿಗೆ ಎಣಿಸಿ. ಲೀಕ್ ಟೆಸ್ಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಎನಿಸಿದ್ದು ಟ್ರೆಂಡಿನಲ್ಲಿ ವಾರಕ್ಕೊಮ್ಮೆ ಎಂದು ಕಂಡರೆ ಬೆರಗಾಗಬೇಡಿ. ಕರೆಂಟ್ ಹೋಗಿ ಜನರೇಟರ್ ಎತ್ತಿಕೊಳ್ಳುವ ಹೊತ್ತಿಗೆ ಹೀಟರ್ ಆಫ್ ಆಗಿರುತ್ತದೆ, ಫಾಯಿಲ್ ರೋಲ್ ಬದಲಿಸುವಾಗ ಪ್ಲೇಟ್ ಎತ್ತಿಕೊಂಡು ನಿಂತಿರುತ್ತದೆ. ಇದರ ಜೊತೆಗೆ ಇನ್ನೊಂದು: ಸೆನ್ಸರ್ ಇರುವುದು ಪ್ಲೇಟಿನ ಒಳಗೆ. ಡಿಸ್‌ಪ್ಲೇಯಲ್ಲಿ 160 ಎಂದು ಬಂದರೂ ಮೇಲ್ಮೈ ಹಿಂದೆ ಬಿದ್ದಿರಬಹುದು, ತಣ್ಣನೆಯ ಹಾಳೆ ತಾಗಿದ ತಕ್ಷಣ ಇನ್ನಷ್ಟು ಇಳಿಯಬಹುದು. ಕಾಂಟ್ಯಾಕ್ಟ್ ಥರ್ಮಾಮೀಟರ್ ಇಟ್ಟು ನಾಲ್ಕು ಮೂಲೆ ಅಳೆದರೆ ಗೊತ್ತಾಗುತ್ತದೆ.

ಈಗ ಹಾಳೆ ಹೀಗೆ ನಿಲ್ಲುತ್ತದೆ:

| ಕಾರಣ | ತೀವ್ರತೆ | ಸಂಭವ | ಪತ್ತೆ | ಆರ್‌ಪಿಎನ್ |
|---|---|---|---|---|
| ಪ್ಲೇಟಿನ ಹಲ್ಲು ಸವೆತ | 7 | 3 | 2 | 42 |
| ಸೀಲ್ ಜಾಗದಲ್ಲಿ ಪುಡಿ | 7 | 5 | 7 | 245 |
| ನಿಂತು ಶುರುವಾದಾಗ ತಾಪ ಕಡಿಮೆ | 7 | 8 | 8 | 448 |

ಅದೇ ಲೈನು, ಅದೇ ಲೀಕು. ಒಟ್ಟು ಸಾಲಿನಲ್ಲಿ 112 ಎಂದು ದಾಟಿ ಹೋದದ್ದರೊಳಗೆ 448 ಅಡಗಿತ್ತು.

ಗುಣಾಕಾರವನ್ನು ಎಲ್ಲಿ ನಂಬಬಾರದು

ಆರ್‌ಪಿಎನ್ 1ರಿಂದ 1000ದವರೆಗೆ ಹೋದರೂ ನಡುವೆ ಬರಲು ಸಾಧ್ಯವಿರುವ ಬೆಲೆಗಳು 120 ಮಾತ್ರ. 240, 245, 252 ಇವುಗಳ ನಡುವೆ ಯಾವುದು ಮೊದಲು ಎಂದು ವಾದಿಸುವುದು ವ್ಯರ್ಥ. ಅದಕ್ಕಿಂತ ದೊಡ್ಡ ತೊಂದರೆ ತೀವ್ರತೆ ಮುಚ್ಚಿಹೋಗುವುದು. ಇದೇ ಲೈನಿನಲ್ಲಿ 5 ಮಿಗ್ರಾಂ ಮತ್ತು 10 ಮಿಗ್ರಾಂ ಎರಡೂ ಓಡುತ್ತವೆ, ಫಾಯಿಲ್ ಬಣ್ಣವೂ ಒಂದೇ ಎನ್ನಿ. ಬ್ಯಾಚ್ ಬದಲಾದಾಗ ಹಳೆಯ ಫಾಯಿಲ್ ರೋಲ್ ಏರಿದರೆ 10 ಮಿಗ್ರಾಂ ಮಾತ್ರೆ 5 ಎಂಬ ಹೆಸರಿನಲ್ಲಿ ಹೋಗುತ್ತದೆ. ತೀವ್ರತೆ 10, ಸಂಭವ 2. ಫಾಯಿಲ್ ಮೇಲಿನ ಫಾರ್ಮಾಕೋಡ್ ಓದುವ ಸೆನ್ಸರ್ ಇರುವುದರಿಂದ ಪತ್ತೆ 3. ಆರ್‌ಪಿಎನ್ 60. ಪುಡಿಯ ಸಾಲಿನ ಕಾಲು ಭಾಗವೂ ಇಲ್ಲ. ಹಾಗೆಂದು ಇದನ್ನು ಕೊನೆಗೆ ಬಿಡಲಾಗದು.

ಆದ್ದರಿಂದ ತೀವ್ರತೆ 9 ಅಥವಾ 10 ಇರುವ ಸಾಲುಗಳನ್ನು ಆರ್‌ಪಿಎನ್ ನೋಡದೆಯೇ ಬೇರೆ ತೆಗೆದು ಮೊದಲು ಚರ್ಚಿಸಿ. ಕಾರು ಉದ್ಯಮದವರು 2019ರ ಕೈಪಿಡಿಯಲ್ಲಿ ಆರ್‌ಪಿಎನ್ ಬಿಟ್ಟು, ತೀವ್ರತೆಗೆ ಮೊದಲ ಸ್ಥಾನ ಕೊಡುವ ಆದ್ಯತೆಯ ಕೋಷ್ಟಕಕ್ಕೆ ಹೋದದ್ದೂ ಇಂಥ ಕಾರಣಕ್ಕೇ. ಫಾರ್ಮಾಕೋಡ್ ಸೆನ್ಸರಿಗೆ ಕೊಟ್ಟ 3 ಉಳಿಯಬೇಕಾದರೆ ತಪ್ಪು ಕೋಡಿನ ತುಂಡನ್ನು ಬ್ಯಾಚ್ ಶುರುವಿನಲ್ಲಿ, ಕೊನೆಯಲ್ಲಿ, ಕರೆಂಟ್ ಹೋಗಿ ಬಂದ ಮೇಲೆ ಹಾಯಿಸಿ ಮಷಿನ್ ನಿಲ್ಲುತ್ತದೆಯೇ ಎಂದು ನೋಡಿರಬೇಕು. ನೋಡಿಲ್ಲವಾದರೆ ಸೆನ್ಸರ್ ಇಲ್ಲವೆಂದೇ ಲೆಕ್ಕ ಹಾಕಿ.

448ನ್ನು ಇಳಿಸುವುದು

"ಆಪರೇಟರ್‌ಗೆ ಮತ್ತೆ ಟ್ರೇನಿಂಗ್ ಕೊಡಲಾಗುವುದು" ಎಂದು ಬರೆದು ಅಂಕ ಇಳಿಸುವುದು ಎಲ್ಲ ಕಡೆ ಇರುವ ಚಾಳಿ. ರಾತ್ರಿ ಎರಡು ಗಂಟೆಗೆ ಟಾರ್ಗೆಟ್ ಬಾಕಿ ಇರುವಾಗ ಆ ಟ್ರೇನಿಂಗ್ ಯಾರ ನೆನಪಿಗೂ ಬರುವುದಿಲ್ಲ. ಮಾಡಬೇಕಾದ್ದು ಎರಡು.

ಮೊದಲನೆಯದು ಇಂಟರ್‌ಲಾಕ್. ತಾಪ 155 ಮತ್ತು 165ರ ನಡುವೆ ಬಂದು ಒಂದಿಷ್ಟು ಹೊತ್ತು ಅಲ್ಲೇ ನಿಲ್ಲುವವರೆಗೆ ಮಷಿನ್ ಶುರುವಾಗಬಾರದು, ಓಡುವಾಗ ಇಳಿದರೆ ನಿಲ್ಲಬೇಕು. ಎಷ್ಟು ಹೊತ್ತು ಎಂಬುದನ್ನು ಮೇಲ್ಮೈ ತಾಪ ಅಳೆದೇ ನಿರ್ಧರಿಸಿ. ಇದರ ಸೆಟ್ಟಿಂಗ್ ಪಾಸ್‌ವರ್ಡ್ ಆಪರೇಟರ್ ಬಳಿ ಇರಬಾರದು. ಇದು ಕಾರಣವನ್ನೇ ತಡೆಯುವುದರಿಂದ ಇಳಿಯುವುದು ಸಂಭವದ ಅಂಕ.

ಎರಡನೆಯದು, ಪ್ರತಿ ಸ್ಟಾರ್ಟಿನ ನಂತರ ಮೊದಲ ಕೆಲವು ಸ್ಟ್ರೋಕನ್ನು ಮಷಿನ್ ತಾನೇ ರಿಜೆಕ್ಟ್ ಮಾಡುವುದು. ಎಷ್ಟು ಎಂಬುದನ್ನು ಊಹಿಸಬೇಡಿ. ಮಷಿನನ್ನು ಬೇಕೆಂದೇ 1 ನಿಮಿಷ, 5 ನಿಮಿಷ, 15 ನಿಮಿಷ ನಿಲ್ಲಿಸಿ. ಒಂದೊಂದನ್ನೂ ಮೂರು ಸಲ. ಪ್ರತಿ ಸಲ ಶುರುವಾದ ಮೇಲೆ ಸೀಲ್ ಆದ 30 ಸ್ಟ್ರೋಕಿನ ಎಲ್ಲ ಸ್ಟ್ರಿಪ್‌ಗಳನ್ನೂ ಕ್ರಮ ತಪ್ಪದಂತೆ ಜೋಡಿಸಿ ಲೀಕ್ ಟೆಸ್ಟ್ ಮಾಡಿ. ಕೊನೆಯ ಲೀಕ್ ಕಂಡದ್ದು 9ನೇ ಸ್ಟ್ರೋಕಿನಲ್ಲಿ ಎಂದಾದರೆ 15ಕ್ಕೆ ಸೆಟ್ ಮಾಡಿ.

ಇಲ್ಲಿ ಎಡವುವುದು ಎಣಿಕೆ ಎಲ್ಲಿಂದ ಎಂಬ ವಿಷಯದಲ್ಲಿ. ಸೀಲಿಂಗ್ ಪ್ಲೇಟಿನಿಂದ ಕಟಿಂಗ್ ಡೈಗೆ 12 ಸ್ಟ್ರೋಕ್ ದೂರ ಇದೆ ಎನ್ನಿ. ಶುರುವಾದ ತಕ್ಷಣ ಕಟಿಂಗ್ ಹತ್ತಿರ ಬರುವ 12 ಸ್ಟ್ರೋಕ್ ಮಷಿನ್ ನಿಲ್ಲುವ ಮುಂಚೆ ಸೀಲ್ ಆದವು, ಅವು ಚೆನ್ನಾಗಿವೆ. ರಿಜೆಕ್ಟ್ ಎಣಿಕೆಯನ್ನು ಕಟಿಂಗ್‌ನಿಂದ ಶುರು ಮಾಡಿದರೆ 12 ಒಳ್ಳೆಯ ಸ್ಟ್ರೋಕ್ ಬಿನ್ನಿಗೆ ಬೀಳುತ್ತವೆ, ಕೆಟ್ಟ 9ರಲ್ಲಿ ಮೂರಷ್ಟೇ ಸಿಗುತ್ತವೆ, ಉಳಿದ ಆರು ಪೆಟ್ಟಿಗೆ ಸೇರುತ್ತವೆ. ಪಿಎಲ್‌ಸಿ ಪ್ಲೇಟಿನ ಕೆಳಗಿರುವ ಸ್ಟ್ರೋಕನ್ನು ಗುರುತಿಟ್ಟು ಡೈವರೆಗೆ ಹಿಂಬಾಲಿಸಬೇಕು. ಹಾಗೆ ಮಾಡುತ್ತಿದೆಯೇ ಎಂದು ನೋಡಲು ಪ್ಲೇಟಿನ ಕೆಳಗಿನ ಹಾಳೆಗೆ ಮಾರ್ಕರಿನಿಂದ ಗೆರೆ ಎಳೆದು ಸ್ಟಾರ್ಟ್ ಮಾಡಿ. ಗೆರೆ ಇರುವ ಸ್ಟ್ರಿಪ್ ರಿಜೆಕ್ಟ್ ಬಿನ್ನಿನಲ್ಲೇ ಸಿಗಬೇಕು. ಮೊದಲ ಪರಿಶೀಲನೆಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ನಷ್ಟದ ಮಾತು ಬಂದೇ ಬರುತ್ತದೆ, ಲೆಕ್ಕ ತಯಾರಿರಲಿ. ಶಿಫ್ಟಿಗೆ ಆರು ಸಲ ನಿಂತರೆ 6 × 60 = 360 ಸ್ಟ್ರಿಪ್. ಆರು ಗಂಟೆ ಓಡಿದರೆ 72,000. ನೂರಕ್ಕೆ ಅರ್ಧ.

ಪುಡಿಯ 245ಕ್ಕೆ ಮದ್ದು ಪ್ಯಾಕಿಂಗ್ ರೂಮಿನಲ್ಲಿ ಅರ್ಧ ಮಾತ್ರ ಇದೆ. ಫೀಡರಿನ ಹತ್ತಿರ ಪುಡಿ ಎಳೆಯುವ ವ್ಯಾಕ್ಯೂಮ್ ನಳಿಗೆ ಕಟ್ಟಿಕೊಂಡಿದೆಯೇ, ಬ್ರಷ್ ಮಾತ್ರೆಯನ್ನು ಉಜ್ಜುತ್ತಿದೆಯೇ ಎಂದು ಪ್ರತಿ ಶಿಫ್ಟ್ ನೋಡಬಹುದು. ಮಾತ್ರೆಯೇ ಪುಡಿ ಬಿಡುವಂಥದ್ದಾದರೆ ಮಾತ್ರೆ ಒತ್ತುವ ಕಂಪ್ರೆಷನ್ ವಿಭಾಗದವರನ್ನು ಕರೆಸಿ, ಮಾತ್ರೆ ಎಷ್ಟು ಸುಲಭವಾಗಿ ಸವೆದು ಪುಡಿಯಾಗುತ್ತದೆ ಎಂದು ತೋರಿಸುವ ಫ್ರೈಯಬಿಲಿಟಿ ಫಲಿತಾಂಶ ಕೇಳಿ.

ಮತ್ತೆ ಅಂಕ ಹಾಕುವುದು

ಇಂಟರ್‌ಲಾಕ್ ಹಾಕಿದ ದಿನವೇ ಅಂಕ ಇಳಿಸಬೇಡಿ. ಮೂರು ತಿಂಗಳು ಓಡಲಿ, ಮತ್ತೆ ಅದೇ ತಾಪದ ಟ್ರೆಂಡ್ ತೆಗೆಯಿರಿ. 155ರ ಕೆಳಗೆ ಓಡಿದ್ದೇ ಇಲ್ಲವೆಂದರೂ ಮೂರು ತಿಂಗಳ ಸಾಕ್ಷಿಗೆ ವರ್ಷದ ಅಂಕವಾದ 2 ಕೊಡುವುದು ಅವಸರ, 3 ಇರಲಿ. ರಿಜೆಕ್ಟ್ ಬಿನ್ನಿನ ಎಣಿಕೆ ಪಿಎಲ್‌ಸಿಯ ಎಣಿಕೆಯೊಂದಿಗೆ ಪ್ರತಿ ಬ್ಯಾಚಿನಲ್ಲೂ ತಾಳೆಯಾಗಿದ್ದರೆ ಪತ್ತೆ 3. ತೀವ್ರತೆ ಹಾಗೇ 7. ತಪಾಸಣೆ ಹೆಚ್ಚಿಸಿದರೆ ಕೆಟ್ಟ ಮಾತ್ರೆ ತಿಂದವರಿಗಾಗುವ ಹಾನಿ ಕಡಿಮೆಯಾಗುವುದಿಲ್ಲ. 7 × 3 × 3 = 63.

ಹಾಳೆಗೆ ಒಂದು ಹೊಸ ಸಾಲು ಸೇರಿಸುವುದು ಬಾಕಿ ಇದೆ. ಈಗ ಎಲ್ಲವೂ ಆ ರಿಜೆಕ್ಟ್ ಬಾಗಿಲನ್ನು ನಂಬಿ ನಿಂತಿದೆ, ಅದು ತೆರೆಯುವುದು ಗಾಳಿಯ ಒತ್ತಡದಿಂದ. ಕಂಪ್ರೆಸರಿನ ಒತ್ತಡ ಇಳಿದರೆ ಪಿಎಲ್‌ಸಿ "ರಿಜೆಕ್ಟ್" ಎಂದು ಹೇಳಿದರೂ ಬಾಗಿಲು ಅರ್ಧವೇ ತೆರೆದು ಸ್ಟ್ರಿಪ್ ಮುಂದೆ ಜಾರುತ್ತದೆ. ಬಿನ್ನಿನ ಬಾಯಲ್ಲಿ ಎಣಿಸುವ ಸೆನ್ಸರ್ ಇಲ್ಲದಿದ್ದರೆ ಇದಕ್ಕೆ ಪತ್ತೆ 8, ಸಂಭವ 4 ಎಂದರೂ ಆರ್‌ಪಿಎನ್ 224 ಆಗುತ್ತದೆ. ಸೆನ್ಸರ್ ಹಾಕಿಸಿ, ಎಣಿಕೆ ತಪ್ಪಿದರೆ ಮಷಿನ್ ನಿಲ್ಲುವಂತೆ ಮಾಡಿದ ಮೇಲಷ್ಟೇ ಮೇಲಿನ ಸಾಲಿನ ಪತ್ತೆಗೆ 3 ಬರೆಯಿರಿ.